ತಮಾಷೆ ಕಹಿಯಾದಾಗ

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಡನೆ ಎಣ್ಣೂರಿನ ಅಳಿವೆಗೆ ತೈಲ ಹರಿದು, ಮೀನುಗಾರರ ದೋಣಿ, ಬಲೆಗಳು ಕಪ್ಪಾದುವು. ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ವಾಟ್ಸಾಪ್ ಗುಂಪಿನಲ್ಲಿ ಒಬ್ಬ, "ಎಣ್ಣೂರಿಗೆ ಎಣ್ಣೆ ಬಂತು, ಹೆಸರು ಸಾರ್ಥಕ!" ಎಂದು ಬರೆದ. ಆ ಊರಿನ ಗೆಳೆಯ, "ನಮ್ಮ ಬಲೆ ಹಾಳಾಗಿದೆ, ನಿಂಗೆ ನಗುವಾ?" ಎಂದು ಕೇಳಿ ಸುಮ್ಮನಾದ.

ಆಗ ನಮ್ಮಲ್ಲಿ ಬಹುಮಂದಿ ಬರೆಯೋದು ಹೀಗೆ: "ಬೇಜಾರಾಗಿದ್ರೆ ಸಾರಿ ಕಣೋ, ಆದ್ರೆ ನಾನು ಬರೀ ಹೆಸರಿನ ಮೇಲೆ ಆಡಿದ್ದು." ನೋವಾಯಿತೆಂದು ಅವನಾಗಲೇ ಹೇಳಿದ್ದಾನೆ, "ಆಗಿದ್ರೆ" ಎಂದರೆ ಅದನ್ನೇ ಸಂಶಯಿಸಿದಂತೆ. "ಆದ್ರೆ" ಬಂದೊಡನೆ ಕ್ಷಮೆ ಮುಗಿದು ವಕಾಲತ್ತು ಶುರು. ಶ್ಲೇಷೆಯನ್ನು ಬಿಡಿಸಿ ಹೇಳಿದರಂತೂ ಅದೇ ತಮಾಷೆಯನ್ನು ಎರಡನೆಯ ಸಲ ಮಾಡಿದ ಹಾಗೆ.

ಇಷ್ಟು ಬರೆದರೆ ಸಾಕೆಂದು ನನಗೆ ತೋರುತ್ತದೆ: "ನಿಮ್ಮ ಬಲೆ ಹಾಳಾದದ್ದನ್ನ ತಮಾಷೆ ಮಾಡಿದೆ. ತಪ್ಪು ನಂದು, ಕ್ಷಮಿಸು. ಇನ್ನು ಆ ಮಾತು ಆಡೋಲ್ಲ." ಮಾಡಿದ್ದೇನು, ತಪ್ಪು ಯಾರದು, ಮುಂದೇನು, ಮೂರೂ ಬಂದುವು. ತಮಾಷೆ ಗುಂಪಿನಲ್ಲಿ ನಡೆದದ್ದರಿಂದ ಕ್ಷಮೆಯೂ ಅಲ್ಲೇ ಇರಬೇಕು. ಗುಟ್ಟಾಗಿ ಕೇಳಿದರೆ, ಜೊತೆಗೆ ನಕ್ಕವರಿಗೆ ಅದು ತಿಳಿಯುವುದೇ ಇಲ್ಲ. ಹಳೆಯ ಮಾತನ್ನು ಅಳಿಸುವುದು ಆಮೇಲಿನ ಕೆಲಸ. ಮೊದಲೇ ಅಳಿಸಿದರೆ, ಸಂದೇಶ ಅಳಿಸಿದ ಗುರುತು ಮಾತ್ರ ಉಳಿದು ಬಚ್ಚಿಟ್ಟಂತೆ ಕಾಣುತ್ತದೆ.

ನೀಲಿ ಗುರುತು ಬಿದ್ದರೆ ಗುಂಪಿನವರೆಲ್ಲ ಓದಿದರೆಂದಷ್ಟೇ ಅರ್ಥ, ಅವನು ಕ್ಷಮಿಸಿದನೆಂದಲ್ಲ. "ಇನ್ನೂ ಕೋಪವೇನೋ?" ಎಂದು ಕೆದಕಿದರೆ, ನಮ್ಮ ಸಮಾಧಾನದ ಹೊಣೆಯನ್ನೂ ಅವನ ತಲೆಗೇ ಕಟ್ಟಿದಂತಾಗುತ್ತದೆ. ಉತ್ತರ ಕೊಡೋದು, ಬಿಡೋದು ಅವನಿಷ್ಟ.