ಗಡಿಯಾರ ಒಂದೇ, ಕಾಗದ ಬೇರೆ

ಕಾಳಸಂತೆ ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಈಚೆಗೆ ಕೈಗಡಿಯಾರದ ವ್ಯಾಪಾರದಲ್ಲಿ ಅದರ ದಾಯಾದಿಯಂತಹ ಇನ್ನೊಂದು ಮಾತು ಕಿವಿಗೆ ಬೀಳುತ್ತಿದೆ: ಗ್ರೇ ಮಾರ್ಕೆಟ್. ಇದನ್ನು ಬೂದುಸಂತೆ ಎಂದು ಕರೆದರೆ ವೈಯಾಕರಣರು ಮುನಿಯಲಾರರು ಎಂದು ನಂಬಿದ್ದೇನೆ. ಈ ಸಂತೆಯಲ್ಲಿ ಮಾರುವ ಗಡಿಯಾರ ನಕಲಿಯಲ್ಲ; ಕಂಪನಿಯ ಕಾರ್ಖಾನೆಯಲ್ಲಿಯೇ ಹುಟ್ಟಿದ್ದು. ಆದರೆ ಅದನ್ನು ಮಾರುವಾತ ಮಾತ್ರ ಕಂಪನಿ ನೇಮಿಸಿದ ವ್ಯಾಪಾರಿಯಲ್ಲ. ಬಣ್ಣ ಬೂದಾಗುವುದು ಇಲ್ಲಿಯೇ.

ನಮ್ಮ ರಾಯಚೂರು ಸೀಮೆಯಲ್ಲಿ ಮದುವೆಯ ಹೊತ್ತಿಗೆ ವರನಿಗೆ ಉಂಗುರದ ಜೊತೆಗೊಂದು ಗಡಿಯಾರ ಕೊಡುವ ವಾಡಿಕೆಯುಂಟು. ದೇವದುರ್ಗದ ಶಿಕ್ಷಕರೊಬ್ಬರು, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವರು, ಮಗಳ ಮದುವೆಗೆ ವಿದೇಶೀ ಗಡಿಯಾರವೊಂದನ್ನು ಗೊತ್ತುಮಾಡಿದರು. ಕೈಯ ಚಲನೆಯಿಂದಲೇ ಕೀಲಿ ತಿರುಗುವ, ಆಟೋಮ್ಯಾಟಿಕ್ ಎಂದು ಹೇಳುವ ಬಗೆಯದು. ಪೆಟ್ಟಿಗೆಯ ಮೇಲಿನ ಬೆಲೆ 24,000 ರೂಪಾಯಿ. ದೂರದ ನಗರದ ವ್ಯಾಪಾರಿಯೊಬ್ಬ ಅದೇ ಗಡಿಯಾರವನ್ನು 18,500ಕ್ಕೆ ಅಂಚೆಯಲ್ಲಿ ಕಳಿಸಲು ಒಪ್ಪಿದ. ಉಳಿತಾಯ 5,500. ಮದುವೆಮನೆಯಲ್ಲಿ ಇದು ಸಣ್ಣ ಮೊತ್ತವೇನಲ್ಲ.

ಈ ಅಂತರ ಎಲ್ಲಿಂದ ಬರುತ್ತದೆ? ಮೊದಲನೆಯದಾಗಿ, ಒಂದೇ ಗಡಿಯಾರಕ್ಕೆ ಕಂಪನಿ ಎಲ್ಲ ದೇಶಗಳಲ್ಲಿಯೂ ಒಂದೇ ಬೆಲೆ ಇಡುವುದಿಲ್ಲ. ಎಲ್ಲಿಯೋ ಒಂದೆಡೆ ಅಧಿಕೃತ ವ್ಯಾಪಾರಿಯ ಬಳಿ ಸರಕು ಮಾರಾಟವಾಗದೆ ಉಳಿದುಕೊಳ್ಳುತ್ತದೆ. ಆತ ತನ್ನ ಲಾಭದ ಪಾಲನ್ನು ಬಿಟ್ಟುಕೊಟ್ಟು ಸಗಟಾಗಿ ಹೊರಗೆ ಸಾಗಿಸುತ್ತಾನೆ. ಎರಡನೆಯದು ಸುಂಕ. 2018ರಲ್ಲಿ ಕೈಗಡಿಯಾರದ ಆಮದು ಸುಂಕ ನೂರಕ್ಕೆ 10ರಿಂದ 20ಕ್ಕೆ ಏರಿತು. ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಈ ದರದಲ್ಲಿ, ಸಣ್ಣಪುಟ್ಟ ಮೇಲ್ತೆರಿಗೆಗಳನ್ನು ಬಿಟ್ಟರೂ, 10,000 ರೂಪಾಯಿಯ ಗಡಿಯಾರ ಬಂದರು ದಾಟುವ ಹೊತ್ತಿಗೆ 14,160 ಆಗುತ್ತದೆ. ಸ್ವಿಸ್ ಗಡಿಯಾರಗಳ ಮೇಲಿನ ಸುಂಕವನ್ನು ಮಾತ್ರ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದ ಒಪ್ಪಂದದ ಮೇರೆಗೆ ವರ್ಷ ವರ್ಷವೂ ಇಳಿಸಲಾಗುತ್ತಿದೆ. ಮೊದಲನೆಯ ಕಾರಣದಿಂದ ಬಂದ ಅಗ್ಗ ಪ್ರಾಮಾಣಿಕವಾದದ್ದು. ಸುಂಕ ಕಟ್ಟದೆ, ಯಾರದೋ ಪ್ರಯಾಣದ ಚೀಲದಲ್ಲಿ ಬಂದ ಅಗ್ಗ ಹಾಗಲ್ಲ. ಗಡಿಯಾರದ ಮುಖ ನೋಡಿ ಇವೆರಡನ್ನು ಬೇರ್ಪಡಿಸಲು ಬ್ರಹ್ಮನಿಂದಲೂ ಆಗದು. ಕಾಗದ ನೋಡಿಯೇ ತಿಳಿಯಬೇಕು.

ಕಾನೂನು ಈ ಸಂತೆಯನ್ನು ಸಾರಾಸಗಟಾಗಿ ನಿಷೇಧಿಸಿಲ್ಲ. ಹೊರದೇಶದಲ್ಲಿ ನ್ಯಾಯವಾಗಿ ಕೊಂಡ ಅಸಲಿ ಸರಕನ್ನು ಸುಂಕ ತೆತ್ತು ತಂದು ಮಾರುವುದು ತಪ್ಪಲ್ಲವೆಂದು ದೆಹಲಿ ಉಚ್ಚ ನ್ಯಾಯಾಲಯ 2012ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತಿತು. ಆದರೆ ಅದರೊಡನೆ ಒಂದು ಷರತ್ತನ್ನೂ ಹಾಕಿತು: ಈ ಸರಕಿಗೆ ಕಂಪನಿಯ ವಾರಂಟಿಯಿಲ್ಲ, ದುರಸ್ತಿಯ ಹೊಣೆ ನಮ್ಮದು ಎಂದು ಮಾರುವವರು ಅಂಗಡಿಯಲ್ಲಿ ಎದ್ದು ಕಾಣುವಂತೆ ಬರೆದು ಹಾಕಬೇಕು. ನಮ್ಮ ಶಿಕ್ಷಕರಿಗೆ ಇಂತಹ ಫಲಕ ಕಾಣುವ ಅವಕಾಶವೇ ಇರಲಿಲ್ಲ. ಅಂಚೆಯಲ್ಲಿ ಬಂದ ಪೆಟ್ಟಿಗೆಗೆ ಫಲಕವೆಲ್ಲಿಯದು?

ಹತ್ತು ತಿಂಗಳಾದ ಮೇಲೆ ತೊಂದರೆ ತಲೆದೋರಿತು. ಈ ಬಗೆಯ ಗಡಿಯಾರವನ್ನು ದಿನವೆಲ್ಲ ಕಟ್ಟಿಕೊಂಡು ರಾತ್ರಿ ಬಿಚ್ಚಿಟ್ಟರೆ ಸಾಮಾನ್ಯವಾಗಿ ಒಂದೂವರೆ ದಿನವಾದರೂ ನಡೆಯಬೇಕು. ಇದು ಬೆಳಗಾಗುವುದರೊಳಗೆ ನಿಂತುಬಿಡುತ್ತಿತ್ತು. ಒಳಗಿನ ತೂಕದ ಚಕ್ರ ತಿರುಗಿದರೂ ಸ್ಪ್ರಿಂಗು ಸುತ್ತಿಕೊಳ್ಳುತ್ತಿರಲಿಲ್ಲ. ಗಾಜು ಒಡೆದರೆ, ಪಟ್ಟಿ ಹರಿದರೆ, ಬದಿಯ ಕೀಲಿಯನ್ನು ಒತ್ತದೆ ಬಿಟ್ಟು ನೀರು ಹೊಕ್ಕರೆ ಯಾವ ಕಂಪನಿಯೂ ಪುಕ್ಕಟೆ ರಿಪೇರಿ ಮಾಡಿಕೊಡುವುದಿಲ್ಲ. ಆದರೆ ಇದು ಯಂತ್ರದ ದೋಷ, ವಾರಂಟಿ ಇರುವುದೇ ಇದಕ್ಕಾಗಿ. ಅಳಿಯ ಗಡಿಯಾರವನ್ನು ಸೇವಾಕೇಂದ್ರಕ್ಕೆ ಒಯ್ದ. ಅವರು ಕಾರ್ಡು ಕೇಳಿದರು. ಅದರ ಮೇಲೆ ಬೇರಾವುದೋ ದೇಶದ ಅಂಗಡಿಯ ಮುದ್ರೆಯಿತ್ತು, ಮಾರಿದ ತಾರೀಖಿನ ಜಾಗ ಖಾಲಿಯಿತ್ತು. ಮುದ್ರೆ, ತಾರೀಖು, ಗಡಿಯಾರದ ಹಿಂಬದಿಯ ಸಂಖ್ಯೆ, ಈ ಮೂರೂ ಕೂಡಿ ಬಂದರೆ ಮಾತ್ರ ವಾರಂಟಿಗೆ ಜೀವ. ರಿಪೇರಿಗೆ 6,200 ರೂಪಾಯಿ ಆಗುತ್ತದೆಂದರು. ಆತ ಮಾವನಿಗೆ ಫೋನು ಮಾಡಿ, "ಮಾವನವರೆ, ಇದರ ಬಿಲ್ಲೊಂದು ಬೇಕಂತ್ರಿ" ಎಂದ. ಕೊಡಲು ಬಿಲ್ಲಿರಲಿಲ್ಲ. ಬೀಗರ ಮನೆಯಲ್ಲಿ ಈ ಮಾತು ಹೇಗೆ ಬೆಳೆಯಿತೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಮಾರಿದವನು ಕೈಚೆಲ್ಲಲಿಲ್ಲ, ತನ್ನದೇ ಒಂದು ವರ್ಷದ ಭರವಸೆಯಂತೆ ಗಡಿಯಾರವನ್ನು ತರಿಸಿಕೊಂಡ. ಆರು ವಾರಗಳ ಮೇಲೆ ಅದು ಹಿಂಬದಿಯ ಮುಚ್ಚಳದ ಮೇಲೆರಡು ಗೀರುಗಳನ್ನು ಹೊತ್ತು ಮರಳಿತು. ತಿಂಗಳೊಳಗೆ ದೋಷವೂ ಮರಳಿತು. ಕೊನೆಗೆ 6,200 ತೆತ್ತು ಸೇವಾಕೇಂದ್ರದಲ್ಲಿಯೇ ಸರಿಮಾಡಿಸಿದರು. ಅಲ್ಲಿಗೆ ಒಟ್ಟು 24,700.

ಇಲ್ಲೊಂದು ಸ್ವಾರಸ್ಯವುಂಟು. ಮಾನ್ವಿಯ ನನ್ನ ಇನ್ನೊಬ್ಬ ಶಿಷ್ಯ ರಾಯಚೂರಿನ ಅಧಿಕೃತ ಅಂಗಡಿಯಲ್ಲಿ ಇಷ್ಟೇ ಬೆಲೆಯ ಗಡಿಯಾರವನ್ನು ಚೌಕಾಸಿ ಮಾಡಿ ನೂರಕ್ಕೆ 10ರ ರಿಯಾಯಿತಿಯಲ್ಲಿ, 21,600ಕ್ಕೆ ಕೊಂಡ. ಪೆಟ್ಟಿಗೆಯ ಮೇಲಿನದು ಗರಿಷ್ಠ ಬೆಲೆ; ಅದಕ್ಕಿಂತ ಕಡಿಮೆಗೆ ಮಾರಬಾರದೆಂದೇನಿಲ್ಲ. ಆದ್ದರಿಂದ ಬೂದುಸಂತೆಯ ನಿಜವಾದ ಉಳಿತಾಯ 5,500 ಅಲ್ಲ, 3,100. ಇದು ಒಂದು ದುರಸ್ತಿಯ ಅರ್ಧ ಖರ್ಚಿಗೆ ಸಮ. ಅಂತರ ಒಂದು ದುರಸ್ತಿಯ ವೆಚ್ಚವನ್ನು ಮೀರಿದ್ದು, ಮಾರುವವನು ಜಿ.ಎಸ್.ಟಿ. ಸಂಖ್ಯೆಯಿರುವ ಬಿಲ್ಲು ಕೊಡುವುದಾದರೆ, ತನಗಾಗಿ ಕೊಳ್ಳುವವನು ಅಲ್ಲಿ ಕೊಂಡರೆ ನಾನು ಆಕ್ಷೇಪಿಸಲಾರೆ. ಆದರೆ ಉಡುಗೊರೆಗೆ ಬೇಡ. ಉಳಿತಾಯ ಕೊಟ್ಟವನ ಜೇಬಿಗೆ ಬಂದು, ಅಪಾಯ ಪಡೆದವನ ಕೈಗೆ ಹೋಗುತ್ತದೆ.

ಅಪಾಯವೆಂದರೆ ರಿಪೇರಿಯದಷ್ಟೇ ಅಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಗಡಿಯಾರದ ಕಾರ್ಖಾನೆ ಆರಂಭಿಸಿದರು. ಮರುವರ್ಷ ಬಂದ ಸುಂಕ ಕಾಯಿದೆಯ 123ನೆಯ ಕಲಮು ಚಿನ್ನದ ಜೊತೆಗೆ ಗಡಿಯಾರವನ್ನೂ ಹೆಸರಿಸಿತು. ಇಂದಿಗೂ ಅದು ಹಾಗೆಯೇ ಇದೆ. ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿಂದ ಅಧಿಕಾರಿಗಳು ಗಡಿಯಾರವನ್ನು ವಶಪಡಿಸಿಕೊಂಡರೆ, ಅದು ಹಾಗಲ್ಲವೆಂದು ತೋರಿಸುವ ಭಾರ ಯಾರ ಕೈಯಿಂದ ತೆಗೆದುಕೊಂಡರೋ ಅವರ ಮೇಲೆಯೇ ಬೀಳುತ್ತದೆ. ಮದುಮಗನ ಕೈಗಡಿಯಾರವನ್ನು ಯಾರೂ ಬಿಚ್ಚಿಸಲು ಬರುವುದಿಲ್ಲವೆನ್ನಿ. ಆದರೂ ಭಾರ ಯಾರ ಕಡೆಗಿದೆ ಎಂಬುದು ತಿಳಿದಿರಬೇಕು.

ಹಾಗಾದರೆ ನೋಡಬೇಕಾದುದೇನು? ಆಮದಾದ ಸರಕಿನ ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ ಮತ್ತು ಗರಿಷ್ಠ ಬೆಲೆ ಇರಲೇಬೇಕೆಂದು 2011ರ ನಿಯಮ ಹೇಳುತ್ತದೆ. ಆ ಚೀಟಿಯಿಲ್ಲದಿದ್ದರೆ ಗಡಿಯಾರ ನೇರ ದಾರಿಯಲ್ಲಿ ಬಂದದ್ದಲ್ಲವೆಂದು ಅನುಮಾನಿಸಬಹುದು. ಹಿಂಬದಿಯ ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರಂತೂ ಸರಕು ಯಾವ ವ್ಯಾಪಾರಿಯ ಕೈಯಿಂದ ಜಾರಿತೆಂದು ಕಂಪನಿಗೆ ತಿಳಿಯದಿರಲೆಂದೇ ಹಾಗೆ ಮಾಡಿರುವ ಸಂಭವ ಹೆಚ್ಚು. ಕಾರ್ಡಿಗೆ ಮುದ್ರೆಯನ್ನೂ ತಾರೀಖನ್ನೂ ಅಂಗಡಿಯಲ್ಲಿ, ನಿಮ್ಮ ಕಣ್ಣೆದುರಿಗೇ ಹಾಕಿಸಿಕೊಳ್ಳಬೇಕು.

ವ್ಯಾಜ್ಯ ಬಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗಕ್ಕೇ ಮೊರೆಹೋಗಬಹುದು. ಮಾರಿದವನು ಎಲ್ಲಿಯಾದರೂ ಇರಲಿ, ದೇವದುರ್ಗದವರು ರಾಯಚೂರಿಗೆ ಬಂದರೆ ಸಾಕು. ಅವಧಿ ಎರಡು ವರ್ಷ. ನಮ್ಮ ಶಿಕ್ಷಕರು ಅದಕ್ಕೂ ಸಿದ್ಧರಾಗಿದ್ದರು. ಅರ್ಜಿ ಬರೆಯಲು ಕುಳಿತಾಗ ಎದುರುಪಕ್ಷದ ವಿಳಾಸ ಬರೆಯುವಲ್ಲಿ ಲೇಖನಿ ನಿಂತಿತು. ಅವರ ಬಳಿ ಇದ್ದದ್ದು ಒಂದು ಮೊಬೈಲ್ ಸಂಖ್ಯೆ ಮಾತ್ರ.