ಹೇಳದೆ ಬಂದ ಸ್ವಿಚ್: ರೂಟ್ ಗಾರ್ಡ್, ಲೂಪ್ ಗಾರ್ಡ್

ಈಥರ್ನೆಟ್ ಜಾಲದಲ್ಲಿ ಓಡಾಡುವ ಫ್ರೇಮ್‌ಗೆ ಆಯಸ್ಸು ಎಂಬುದಿಲ್ಲ. ಇಂಟರ್ನೆಟ್ ಪ್ಯಾಕೆಟ್ಟಿನೊಳಗೆ ಒಂದು ಅಂಕಿ ಇರುತ್ತದೆ. ಪ್ರತಿ ರೂಟರ್ ದಾಟಿದಾಗ ಅದು ಒಂದೊಂದೇ ಇಳಿದು, ಸೊನ್ನೆಯಾದ ಕೂಡಲೇ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ ಫ್ರೇಮ್‌ನಲ್ಲಿ ಆ ಅಂಕಿಯೇ ಇಲ್ಲ. ಮೂರು ಸ್ವಿಚ್‌ಗಳನ್ನು ತ್ರಿಕೋನವಾಗಿ ಜೋಡಿಸಿ ಸುಮ್ಮನೆ ಬಿಟ್ಟರೆ, ಎಲ್ಲರಿಗೂ ಎಂದು ಹೊರಟ ಒಂದೇ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಆ ತ್ರಿಕೋನವನ್ನು ಸುತ್ತುತ್ತಲೇ ಇರುತ್ತದೆ. ಹಿಂದೆ ಬಂದವೂ ಅದರ ಜೊತೆ ಸೇರಿಕೊಳ್ಳುತ್ತವೆ. ಸ್ವಲ್ಪ ಹೊತ್ತಿನಲ್ಲೇ ಕೇಬಲ್‌ಗಳೆಲ್ಲ ತುಂಬಿ ಇಡೀ ಜಾಲ ಮಲಗುತ್ತದೆ.

ಹಾಗೆಂದು ತ್ರಿಕೋನ ಬೇಡ ಎನ್ನುವಂತೆಯೂ ಇಲ್ಲ. ಒಂದು ಕೇಬಲ್ ಹೋದರೆ ಇನ್ನೊಂದು ದಾರಿ ಇರಲಿ ಎಂದೇ ಅದನ್ನು ಕಟ್ಟುವುದು. ಈ ಇಕ್ಕಟ್ಟಿಗೆ ಉತ್ತರವಾಗಿ 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ರೂಪಿಸಿದ್ದು ಸ್ಪ್ಯಾನಿಂಗ್ ಟ್ರೀ. ಸ್ವಿಚ್‌ಗಳು, ಅಂದಿನ ಮಾತಿನಲ್ಲಿ ಬ್ರಿಡ್ಜ್‌ಗಳು, ತಮ್ಮಲ್ಲೇ ಒಂದನ್ನು ಬೇರು ಎಂದು ಆರಿಸಿಕೊಳ್ಳುತ್ತವೆ. ಪ್ರತಿಯೊಂದು ಸ್ವಿಚ್ಚೂ ಬೇರಿನ ಕಡೆಗೆ ಅಗ್ಗದ ಒಂದು ದಾರಿಯನ್ನು ಹಿಡಿಯುತ್ತದೆ. ಸುತ್ತು ಉಂಟುಮಾಡುವ ಮಿಕ್ಕ ಪೋರ್ಟ್‌ಗಳು ಮುಚ್ಚಿಕೊಂಡು ಕಾಯುತ್ತವೆ. ಈ ಮಾತುಕತೆ ನಡೆಯುವುದು ಬಿಪಿಡಿಯು ಎಂಬ ಪುಟ್ಟ ಸಂದೇಶಗಳಲ್ಲಿ. ಸಾಮಾನ್ಯವಾಗಿ 2 ಸೆಕೆಂಡಿಗೆ ಒಂದರಂತೆ ಅವು ಹೊರಡುತ್ತವೆ.

ಬೇರಿನ ಆಯ್ಕೆ ನಡೆಯುವುದು ಒಂದು ಸಂಖ್ಯೆಯ ಮೇಲೆ. ಮೊದಲು ಆಡಳಿತಗಾರ ಕೊಟ್ಟ ಆದ್ಯತೆ, ಅದು ಸಮವಾದರೆ ಸ್ವಿಚ್‌ನ ಮ್ಯಾಕ್ ವಿಳಾಸ. ಯಾವುದು ಚಿಕ್ಕದೋ ಅದು ಗೆದ್ದಿತು. ಯಾರೂ ಏನೂ ಬದಲಿಸದಿದ್ದರೆ ಎಲ್ಲ ಸ್ವಿಚ್‌ಗಳ ಆದ್ಯತೆಯೂ 32768. ಆಗ ತೀರ್ಪು ಮ್ಯಾಕ್ ವಿಳಾಸದ್ದು. ಒಂದೇ ತಯಾರಕರ ಸ್ವಿಚ್‌ಗಳಲ್ಲಿ ಹಳೆಯದರ ವಿಳಾಸವೇ ಚಿಕ್ಕದಾಗಿರುವುದು ಹೆಚ್ಚು, ಹೀಗಾಗಿ ಮೂಲೆಯಲ್ಲಿ ದೂಳು ತಿನ್ನುತ್ತಿರುವ ಮುದಿ ಸ್ವಿಚ್ ಬೇರಾಗಿ ಕೂರುವುದು ಅಪರೂಪವಲ್ಲ. ಇದನ್ನು ತಪ್ಪಿಸಲು ತಿಳಿದವರು ನಡುವಿನ ದೊಡ್ಡ ಸ್ವಿಚ್‌ಗೆ ಚಿಕ್ಕ ಸಂಖ್ಯೆ ಕೊಡುತ್ತಾರೆ. ತೊಡಕು ಇರುವುದು ಮುಂದೆ. ಈ ಚುನಾವಣೆಗೆ ಕೊನೆಯ ದಿನಾಂಕವಿಲ್ಲ. ಇನ್ನೂ ಚಿಕ್ಕ ಸಂಖ್ಯೆ ಹೊತ್ತ ಸ್ವಿಚ್ ಯಾವ ಕ್ಷಣದಲ್ಲಿ ಬಂದರೂ ಬೇರಿನ ಪಟ್ಟ ಅದಕ್ಕೆ ಹೋಗುತ್ತದೆ. ಬಂದವರು ಯಾರು, ಏಕೆ ಬಂದರು ಎಂದು ಕೇಳುವ ಪದ್ಧತಿಯೇ ಮೂಲ ವಿಧಾನದಲ್ಲಿಲ್ಲ.

ಒಂದು ಕಾಲೇಜಿನ ಜಾಲವನ್ನು ಕಲ್ಪಿಸಿಕೊಳ್ಳಬಹುದು. ಸರ್ವರ್ ಕೋಣೆಯಲ್ಲಿ ಕೋರ್-1, ಕೋರ್-2 ಎಂಬ ಎರಡು ದೊಡ್ಡ ಸ್ವಿಚ್‌ಗಳು. ಇವುಗಳ ನಡುವೆ 10 ಗಿಗಾಬಿಟ್ ಕೊಂಡಿ. ಮೊದಲನೆಯದರ ಆದ್ಯತೆ 24576, ಎರಡನೆಯದರದು 28672. ಎಂದರೆ ಕೋರ್-1 ಬೇರು. ಅದು ಕೆಟ್ಟರೆ ಕೋರ್-2 ಬೇರಾಗಬೇಕು. ಎರಡನೇ ಮಹಡಿಯ ಸ್ವಿಚ್ 32768ರಲ್ಲೇ ಇದೆ. ಅದರಿಂದ ಎರಡೂ ಕೋರ್‌ಗಳಿಗೆ ಒಂದೊಂದು ಗಿಗಾಬಿಟ್ ಕೊಂಡಿ, ಅದರಲ್ಲಿ ಕೋರ್-2ರ ಕಡೆಯದು ಮುಚ್ಚಿದೆ. ಎಲ್ಲವೂ ನಕ್ಷೆಯಲ್ಲಿ ಬರೆದಂತೆಯೇ ಇದೆ.

ಪ್ರಯೋಗಾಲಯಕ್ಕೆ ಪೋರ್ಟ್ ಸಾಲದೆಂದು ಯಾರೋ ಬೇರೆ ಕಟ್ಟಡದಿಂದ ಕಳಚಿದ ಹಳೆಯ ಸ್ವಿಚ್ ತಂದು ಮಹಡಿ ಸ್ವಿಚ್‌ಗೆ ಸಿಕ್ಕಿಸುತ್ತಾರೆ. ಅದು ಹಿಂದೆ ಆ ಕಟ್ಟಡದ ಬೇರಾಗಿದ್ದುದರಿಂದ ಅದರ ಆದ್ಯತೆ 4096. ಅದನ್ನು ಅಳಿಸುವುದು ಯಾರಿಗೂ ಹೊಳೆದಿಲ್ಲ. ಮಹಡಿ ಸ್ವಿಚ್ ಹೊಸ ಬೇರನ್ನು ಒಪ್ಪಿ ಆ ಸುದ್ದಿಯನ್ನು ಎರಡೂ ಕೋರ್‌ಗಳಿಗೆ ಮುಟ್ಟಿಸುತ್ತದೆ. ಈಗ ಕೋರ್-2 ಲೆಕ್ಕ ಹಾಕುತ್ತದೆ. ರೂಢಿಯ ದರದಲ್ಲಿ ಒಂದು ಗಿಗಾಬಿಟ್ ಕೊಂಡಿಗೆ 4, ಹತ್ತು ಗಿಗಾಬಿಟ್‌ಗೆ 2. ಮಹಡಿ ಸ್ವಿಚ್ ಮೂಲಕ ಹೊಸ ಬೇರಿಗೆ ಹೋದರೆ 4 ಮತ್ತು 4 ಸೇರಿ 8. ಕೋರ್-1ನ್ನು ಹಾಯ್ದು ಹೋದರೆ 10. ಮೊದಲನೆಯದೇ ಅಗ್ಗ. ಕೋರ್-1ಕ್ಕೂ ತನ್ನ ನೇರ ದಾರಿಯೇ ಅಗ್ಗ. ಹಾಗಾಗಿ ಮುಚ್ಚುವ ಸರದಿ ಬರುವುದು ಎರಡು ಕೋರ್‌ಗಳ ನಡುವಿನ 10 ಗಿಗಾಬಿಟ್ ಕೊಂಡಿಗೆ. ಸರ್ವರ್‌ನಿಂದ ಸರ್ವರ್‌ಗೆ ಹರಿಯಬೇಕಾದ ದಟ್ಟಣೆಯೆಲ್ಲ ಎರಡನೇ ಮಹಡಿಯ ಒಂದು ಗಿಗಾಬಿಟ್ ಕೇಬಲ್ಲಿನೊಳಗೆ ನುಗ್ಗುತ್ತದೆ.

ಈ ತೊಂದರೆ ಕಣ್ಣಿಗೆ ಬೀಳುವುದು ಕಷ್ಟ. ಜಾಲ ನಿಂತಿಲ್ಲ, ಸುತ್ತು ಇಲ್ಲ, ಸ್ಪ್ಯಾನಿಂಗ್ ಟ್ರೀ ಚಾಚೂ ತಪ್ಪದೆ ತನ್ನ ಕೆಲಸ ಮಾಡಿದೆ. ‘ನೆಟ್‌ವರ್ಕ್ ಸ್ಲೋ’ ಎಂಬ ದೂರು ಮಾತ್ರ ಬರುತ್ತದೆ. ಕಾರಣ ಹುಡುಕುವವರು ಸರ್ವರ್ ನೋಡುತ್ತಾರೆ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡುತ್ತಾರೆ. ಬೇರು ಎಲ್ಲಿದೆ ಎಂದು ನೋಡುವುದು ಕೊನೆಗೆ.

ರೂಟ್ ಗಾರ್ಡ್ ಇರುವುದು ಇಂಥದ್ದನ್ನು ತಡೆಯಲು. ಪೋರ್ಟೊಂದರ ಮೇಲೆ ಅದನ್ನು ಹಾಕಿದರೆ, ಈ ದಿಕ್ಕಿನಿಂದ ಬೇರು ಬರಲೇಕೂಡದು ಎಂದು ಹೇಳಿದಂತೆ. ಈಗಿನ ಬೇರಿಗಿಂತ ಉತ್ತಮ ಎಂದು ಸಾರುವ ಬಿಪಿಡಿಯು ಆ ಪೋರ್ಟಿಗೆ ಬಂದೊಡನೆ ಸ್ವಿಚ್ ಅದನ್ನು ಒಪ್ಪುವ ಬದಲು ಪೋರ್ಟನ್ನೇ ತಡೆಹಿಡಿಯುತ್ತದೆ. ಸಿಸ್ಕೊ ಸ್ವಿಚ್‌ನಲ್ಲಿ ಆದೇಶ ಒಂದೇ ಸಾಲು:

```
interface GigabitEthernet1/0/12
 spanning-tree guard root
```

ಹಳೆಯ ಸ್ವಿಚ್ ಸಿಕ್ಕಿಸಿದ ಕ್ಷಣ ದಾಖಲೆಯಲ್ಲಿ ಹೀಗೊಂದು ಸಾಲು ಮೂಡುತ್ತದೆ:

```
%SPANTREE-2-ROOTGUARD_BLOCK: Root guard blocking port
GigabitEthernet1/0/12 on VLAN0010.
```

ಪೋರ್ಟ್ ಸತ್ತಿಲ್ಲ, ಬಿಪಿಡಿಯು ಕೇಳಿಸಿಕೊಳ್ಳುತ್ತಲೇ ಇರುತ್ತದೆ, ಬಳಕೆದಾರರ ಫ್ರೇಮ್‌ಗಳನ್ನು ಮಾತ್ರ ಬಿಡುವುದಿಲ್ಲ. ಆ ಹಳೆಯ ಸ್ವಿಚ್‌ನ ಆದ್ಯತೆ ಸರಿಪಡಿಸಿದರೆ ಮೇಲುಗೈಯ ಸಂದೇಶಗಳು ನಿಲ್ಲುತ್ತವೆ. ಹಳೆಯ ಮಾಹಿತಿಯ ಅವಧಿ ಮುಗಿದ ಮೇಲೆ ಪೋರ್ಟ್ ತಾನಾಗಿ ತೆರೆದುಕೊಳ್ಳುತ್ತದೆ, ಯಾರೂ ಕೈಹಚ್ಚಬೇಕಿಲ್ಲ. ಬಿಪಿಡಿಯು ಗಾರ್ಡ್ ಎಂಬ ಇನ್ನೊಂದು ಕಾವಲು ಇದಕ್ಕಿಂತ ಬಿರುಸು. ಅದು ಯಾವ ಬಿಪಿಡಿಯು ಕಂಡರೂ ಪೋರ್ಟನ್ನು ಬಂದ್ ಮಾಡುತ್ತದೆ. ಕಂಪ್ಯೂಟರ್ ಮಾತ್ರ ಇರಬೇಕಾದ ಪೋರ್ಟಿಗೆ ಅದು ಸರಿ. ಸ್ವಿಚ್ ಇರಬಹುದು, ಬೇರು ಮಾತ್ರ ಇರಬಾರದು ಎನ್ನುವ ಕಡೆ ರೂಟ್ ಗಾರ್ಡೇ ಬೇಕು.

ಎಲ್ಲಿ ಹಾಕಬೇಕೆಂಬುದರಲ್ಲೇ ನಿಜವಾದ ಜಾಣ್ಮೆ. ಕೋರ್‌ಗಳಲ್ಲಿ ಮಹಡಿಯ ಕಡೆಗಿರುವ ಪೋರ್ಟ್‌ಗಳ ಮೇಲಷ್ಟೇ ಹಾಕಿದ್ದರೆ ಬೇರು ಉಳಿಯುತ್ತದೆ, ಆದರೆ ಎರಡೂ ಕೋರ್‌ಗಳು ಮಹಡಿ ಸ್ವಿಚ್ಚನ್ನು ದೂರವಿಡುವುದರಿಂದ ಇಡೀ ಎರಡನೇ ಮಹಡಿ ಕತ್ತಲಾಗುತ್ತದೆ. ಮಹಡಿ ಸ್ವಿಚ್‌ನಲ್ಲಿ ಪ್ರಯೋಗಾಲಯದ ಕಡೆಯ ಪೋರ್ಟ್ ಮೇಲೆ ಹಾಕಿದ್ದರೆ ಹೊರಗುಳಿಯುವುದು ಹೊಸ ಸ್ವಿಚ್ ಒಂದೇ. ಅದೇ ಮಹಡಿ ಸ್ವಿಚ್‌ನ ಮೇಲ್ದಿಕ್ಕಿನ ಪೋರ್ಟಿಗೆ ಹಾಕಿದರೆ ಎಡವಟ್ಟು, ಏಕೆಂದರೆ ನಿಜವಾದ ಬೇರಿನ ಸಂದೇಶ ಬರುವುದೇ ಅಲ್ಲಿಂದ. ಕೋರ್-2ರಲ್ಲಿ ಇನ್ನೂ ಸೂಕ್ಷ್ಮವಾದ ಪ್ರಶ್ನೆಯಿದೆ. ಎರಡು ಕೋರ್‌ಗಳ ನಡುವಿನ ಕೊಂಡಿ ತುಂಡಾದರೆ ಕೋರ್-2ಕ್ಕೆ ಬೇರನ್ನು ತಲುಪಲು ಉಳಿಯುವುದು ಮಹಡಿ ಸ್ವಿಚ್ ಮೂಲಕದ ಬಳಸುದಾರಿ. ಆ ಪೋರ್ಟಿನ ಮೇಲೆ ರೂಟ್ ಗಾರ್ಡ್ ಇದ್ದರೆ ಅಸಲಿ ಬೇರಿನ ಸಂದೇಶವೂ ಅದಕ್ಕೆ ಅತಿಕ್ರಮಣದಂತೆ ಕಂಡು, ಕೋರ್-2 ಒಂಟಿಯಾಗುತ್ತದೆ. ಕೋರ್‌ಗಳ ನಡುವೆ ಒಂದೇ ಕೇಬಲ್ ಇರುವ ಜಾಲದಲ್ಲಿ ಈ ಕಾವಲು ಹಾಕುವ ಮುನ್ನ ಎರಡನೇ ಕೇಬಲ್ ಎಳೆಯುವುದು ಒಳಿತು.

ಆದ್ಯತೆಯನ್ನು 0 ಎಂದು ಇಟ್ಟರೆ ಇಷ್ಟೆಲ್ಲ ಏಕೆ ಬೇಕು ಎಂದು ಕೇಳುವವರಿದ್ದಾರೆ. 0 ಆದ್ಯತೆಯ ಇನ್ನೊಂದು ಸ್ವಿಚ್ ಚಿಕ್ಕ ಮ್ಯಾಕ್ ವಿಳಾಸ ಹೊತ್ತು ಬಂದರೆ ಅದೂ ಸೋಲುತ್ತದೆ. ಸಂಖ್ಯೆ ಬೇರನ್ನು ಸೂಚಿಸುತ್ತದೆಯೇ ಹೊರತು ಕಾಯುವುದಿಲ್ಲ.

ಲೂಪ್ ಗಾರ್ಡ್‌ನ ವಿಷಯ ಇದಕ್ಕೆ ತಿರುಗುಮುರುಗು. ರೂಟ್ ಗಾರ್ಡ್ ಬರಬಾರದ ಸಂದೇಶಕ್ಕೆ ಎದುರಾದರೆ, ಲೂಪ್ ಗಾರ್ಡ್ ಬರಬೇಕಾದ ಸಂದೇಶ ನಿಂತುಹೋದುದನ್ನು ಗಮನಿಸುತ್ತದೆ. ಮಹಡಿ ಸ್ವಿಚ್‌ನ ಮುಚ್ಚಿದ ಪೋರ್ಟ್ ಮುಚ್ಚಿಯೇ ಇರುವುದು ಕೋರ್-2ರಿಂದ ಬಿಪಿಡಿಯು ಬರುತ್ತಿರುವ ತನಕ ಮಾತ್ರ. 20 ಸೆಕೆಂಡು ಏನೂ ಕೇಳಿಸದಿದ್ದರೆ ಮೂಲ ಸ್ಪ್ಯಾನಿಂಗ್ ಟ್ರೀ ಅಲ್ಲಿ ಯಾವ ಸ್ವಿಚ್ಚೂ ಇಲ್ಲವೆಂದು ತೀರ್ಮಾನಿಸುತ್ತದೆ. 15 ಸೆಕೆಂಡು ಆಲಿಸಿ, 15 ಸೆಕೆಂಡು ಕಲಿತು, ಒಟ್ಟು 50 ಸೆಕೆಂಡಿಗೆ ಪೋರ್ಟನ್ನು ತೆರೆಯುತ್ತದೆ. ಸ್ವಿಚ್ ನಿಜಕ್ಕೂ ಇಲ್ಲದಿದ್ದರೆ ತೀರ್ಮಾನ ಸರಿಯೇ. ರಾತ್ರಿ ಗಸ್ತಿನವನ ಸೀಟಿ ನಿಂತಿತೆಂದು ಬಾಗಿಲು ತೆರೆದಿಟ್ಟು ಮಲಗುವವರಿಲ್ಲ. ಮೂಲ ವಿಧಾನ ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಸ್ವಿಚ್ ಇದ್ದೂ ಸುಮ್ಮನಾಗುವುದು ಹೇಗೆ? ಫೈಬರ್ ಕೊಂಡಿಯಲ್ಲಿ ಹೋಗಲೊಂದು ಎಳೆ, ಬರಲೊಂದು ಎಳೆ. ಎರಡರಲ್ಲಿ ಒಂದು ಮಾತ್ರ ಕೆಟ್ಟರೆ, ಅದರಲ್ಲೂ ನಡುವೆ ಮೀಡಿಯಾ ಕನ್ವರ್ಟರ್ ಇದ್ದರೆ, ಎರಡೂ ತುದಿಗಳಲ್ಲಿ ದೀಪ ಹಸಿರಾಗಿಯೇ ಇರಬಹುದು. ಕೋರ್-2ರ ಪ್ರೊಸೆಸರ್ ಕೆಲಸದ ಹೊರೆಯಲ್ಲಿ ಬಿಪಿಡಿಯು ಕಳಿಸಲಾಗದೆ ಹೋಗಬಹುದು. ತಂತ್ರಾಂಶದ ದೋಷವೂ ಇರಬಹುದು. ಕೋರ್-2ರಿಂದ ಮಹಡಿಗೆ ಬರುವ ಎಳೆ ಕಡಿದಿದೆ, ಹೋಗುವ ಎಳೆ ಸರಿಯಿದೆ ಎಂದುಕೊಂಡರೆ, 50 ಸೆಕೆಂಡಿನ ನಂತರ ಕೋರ್-1ರಿಂದ ಮಹಡಿಗೆ, ಮಹಡಿಯಿಂದ ಕೋರ್-2ಕ್ಕೆ, ಅಲ್ಲಿಂದ ಮತ್ತೆ ಕೋರ್-1ಕ್ಕೆ ಒಂದೇ ದಿಕ್ಕಿನ ಸುತ್ತು ಸಿದ್ಧ. ಜಾಲವನ್ನು ಮಲಗಿಸಲು ಅಷ್ಟು ಸಾಕು. ಎಲ್ಲ ಪೋರ್ಟ್‌ಗಳ ದೀಪಗಳು ಬಿಡುವಿಲ್ಲದೆ ಮಿನುಗುವುದು, ಒಂದೇ ಮ್ಯಾಕ್ ವಿಳಾಸ ಎರಡು ಪೋರ್ಟ್‌ಗಳ ನಡುವೆ ಜಿಗಿಯುತ್ತಿದೆ ಎಂಬ ದಾಖಲೆ ಮೇಲಿಂದ ಮೇಲೆ ಬರುವುದು ಇದರ ಗುರುತು. ಸ್ಪ್ಯಾನಿಂಗ್ ಟ್ರೀ ಹದ ತಪ್ಪಿದರೆ ಏನಾಗುತ್ತದೆಂಬುದನ್ನು 2002ರ ನವೆಂಬರ್‌ನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ ಕಂಡಿತು. ಕಾರಣ ಅಲ್ಲಿ ಬೇರೆಯಿತ್ತು, ಆದರೆ ವೈದ್ಯರು ಕೆಲವು ದಿನ ಕಾಗದ-ಪೆನ್ನಿನಲ್ಲೇ ಆಸ್ಪತ್ರೆ ನಡೆಸಬೇಕಾಯಿತು.

ಲೂಪ್ ಗಾರ್ಡ್ ಇದ್ದ ಪೋರ್ಟ್ ಮೌನವನ್ನು ಬೇರೆಯಾಗಿ ಓದುತ್ತದೆ. ಕೊಂಡಿ ಜೀವಂತವಾಗಿದೆ, ಇಲ್ಲಿಯವರೆಗೆ ಬಿಪಿಡಿಯು ಬರುತ್ತಿತ್ತು, ಈಗ ನಿಂತಿದೆ ಎಂದರೆ ದೋಷವಿದೆ ಎಂದು ಅದು ತೆರೆದುಕೊಳ್ಳದೆ ತಡೆದ ಸ್ಥಿತಿಗೆ ಹೋಗುತ್ತದೆ. ಬಿಪಿಡಿಯು ಮತ್ತೆ ಬಂದೊಡನೆ ತಾನೇ ಸರಿಹೋಗುತ್ತದೆ. ಕೇಬಲ್ಲನ್ನೇ ಕಿತ್ತರೆ ಪೋರ್ಟ್ ಇಳಿದುಹೋಗುವುದರಿಂದ ಇದರ ಮಾತೇ ಬರುವುದಿಲ್ಲ. ಇದರ ಜಾಗ ಬೇರಿನ ಕಡೆ ಮುಖ ಮಾಡಿದ ಪೋರ್ಟ್‌ಗಳು ಮತ್ತು ಮುಚ್ಚಿ ಕಾಯುತ್ತಿರುವ ಪೋರ್ಟ್‌ಗಳು, ಅಂದರೆ ರೂಟ್ ಗಾರ್ಡ್ ಹಾಕಬಾರದ ಕಡೆ. ಎರಡನ್ನೂ ಒಂದೇ ಪೋರ್ಟಿಗೆ ಹಾಕಲು ಸಿಸ್ಕೊ ಬಿಡುವುದಿಲ್ಲ. ಒಂದನ್ನು ಹಾಕಿದರೆ ಇನ್ನೊಂದು ತೊಲಗುತ್ತದೆ. ಜೂನಿಪರ್ ಸ್ವಿಚ್‌ಗಳಲ್ಲಿ ಇವುಗಳ ಜೋಡಿಗೆ ರೂಟ್ ಪ್ರೊಟೆಕ್ಷನ್, ಲೂಪ್ ಪ್ರೊಟೆಕ್ಷನ್ ಎಂಬ ಹೆಸರುಗಳಿವೆ.

ಇವೆರಡಕ್ಕೂ ಕಾಣದ ಜಾಗಗಳಿವೆ. ಕೊಂಡಿ ಮೊದಲ ದಿನದಿಂದಲೇ ಒಮ್ಮುಖವಾಗಿದ್ದರೆ ಪೋರ್ಟಿಗೆ ಒಂದು ಬಿಪಿಡಿಯು ಕೂಡ ಬಂದಿರುವುದಿಲ್ಲ; ನಿಂತುಹೋಯಿತು ಎನ್ನಲು ಲೂಪ್ ಗಾರ್ಡ್‌ಗೆ ಆಧಾರವಿರುವುದಿಲ್ಲ. ಅದನ್ನು ಹಿಡಿಯುವುದು ಯುಡಿಎಲ್‌ಡಿ ಎಂಬ ಬೇರೆ ವಿಧಾನ. ಫೈಬರ್ ಕೊಂಡಿಗಳಲ್ಲಿ ಎರಡನ್ನೂ ಜೊತೆಗೆ ಬಳಸುವುದುಂಟು. ಅಂಗಡಿಯಲ್ಲಿ ಸಿಗುವ ಅಗ್ಗದ ಸ್ವಿಚ್‌ಗಳಲ್ಲಿ ಹೆಚ್ಚಿನವು ಸ್ಪ್ಯಾನಿಂಗ್ ಟ್ರೀ ಮಾತೇ ಆಡುವುದಿಲ್ಲ. ಬೇರಾಗಲು ಅವು ಹೊರಡದ ಕಾರಣ ರೂಟ್ ಗಾರ್ಡ್‌ಗೂ ಅವುಗಳ ಸುಳಿವು ಸಿಗುವುದಿಲ್ಲ.

ತಡೆಹಿಡಿದ ಪೋರ್ಟ್‌ಗಳು ಯಾವುವೆಂದು ಸಿಸ್ಕೊ ಸ್ವಿಚ್‌ನಲ್ಲಿ ನೋಡಲು ಈ ಆದೇಶ ಸಾಕು:

```
show spanning-tree inconsistentports
```

ಸರಿಯಾಗಿರುವ ಜಾಲದಲ್ಲಿ ಇದರ ಪಟ್ಟಿ ಖಾಲಿ ಇರುತ್ತದೆ. ಅದರಲ್ಲಿ ಪೋರ್ಟಿನ ಹೆಸರು ಕಂಡರೆ ಕಾವಲನ್ನು ತೆಗೆದುಹಾಕುವ ಮೊದಲು ಆ ಕೇಬಲ್ಲಿನ ಇನ್ನೊಂದು ತುದಿಗೆ ಹೋಗಿ ಅಲ್ಲೇನಿದೆ ಎಂದು ನೋಡಬೇಕು.