ಹಳೆಯ ಕಾರಿನೊಳಗೊಂದು ಪುಟ್ಟ ಎಫ್‌ಎಂ ಕೇಂದ್ರ

ಹದಿನೈದು ವರ್ಷ ಓಡಿದ ಕಾರು ಇಂದಿಗೂ ಗಟ್ಟಿಯಾಗಿರುತ್ತದೆ. ಎಂಜಿನ್ ಚೆನ್ನಾಗಿರುತ್ತದೆ, ಸ್ಪೀಕರೂ ಕೆಟ್ಟಿರುವುದಿಲ್ಲ. ಸ್ಟೀರಿಯೊ ಮಾತ್ರ ರೇಡಿಯೊ ಮತ್ತು ಸಿ.ಡಿ.ಗೇ ನಿಂತುಬಿಟ್ಟಿರುತ್ತದೆ. ಅದರಲ್ಲಿ ಬ್ಲೂಟೂತ್ ಇಲ್ಲ, ವೈರ್ ಚುಚ್ಚಲು ಆಕ್ಸ್ ತೂತೂ ಇಲ್ಲ. ಹಾಡುಗಳೆಲ್ಲ ಇರುವುದು ಫೋನಿನಲ್ಲಿ. ಇಂಥ ಕಾರಿಗಾಗಿಯೇ ಅಂಗಡಿಗಳಲ್ಲಿ ಎಫ್‌ಎಂ ಟ್ರಾನ್ಸ್‌ಮಿಟರ್ ಸಿಗುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ವಸ್ತು ಇದು. ಫೋನಿನ ಹಾಡನ್ನು ಬ್ಲೂಟೂತ್ ಮೂಲಕ ತೆಗೆದುಕೊಂಡು ಎಫ್‌ಎಂ ಅಲೆಯಾಗಿ ಬಿಡುತ್ತದೆ. ಕಾರಿನ ರೇಡಿಯೊ ಅದನ್ನು ಇನ್ನೊಂದು ಸ್ಟೇಷನ್ ಎಂದುಕೊಂಡು ಹಿಡಿಯುತ್ತದೆ. ನಿಮ್ಮ ಸ್ಟೀರಿಯೊದಲ್ಲಿ ಯು.ಎಸ್.ಬಿ. ತೂತು ಇದ್ದರೆ ಇದರ ಗೊಡವೆಯೇ ಬೇಡ, ಹಾಡು ತುಂಬಿದ ಪೆನ್‌ಡ್ರೈವ್ ಇದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ.

ಕೊಂಡವರಲ್ಲಿ ಅನೇಕರು ವಾರದೊಳಗೆ ಅದನ್ನು ಡ್ಯಾಶ್‌ಬೋರ್ಡಿನ ಡಬ್ಬಿಗೆ ಎಸೆಯುತ್ತಾರೆ. ಹಾಡಿನ ಜೊತೆ ಬರಬರ ಸದ್ದು, ನಡುನಡುವೆ ಯಾರದೋ ಜಾಹೀರಾತು. ಹೆಚ್ಚಿನ ವೇಳೆ ಯಂತ್ರ ಸರಿಯಾಗಿಯೇ ಇರುತ್ತದೆ, ಆರಿಸಿದ ಫ್ರೀಕ್ವೆನ್ಸಿ ಸರಿಯಿರುವುದಿಲ್ಲ.

ಊರಿನ ಎಫ್‌ಎಂ ಕೇಂದ್ರ ಎತ್ತರದ ಗೋಪುರದಿಂದ ಸಾವಿರಾರು ವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ನಿಮ್ಮ ಟ್ರಾನ್ಸ್‌ಮಿಟರಿನದು ಒಂದು ವ್ಯಾಟಿನ ಅತಿ ಸಣ್ಣ ಚೂರು. ಯುರೋಪಿನ ನಿಯಮ ಇಂಥ ಸಾಧನಕ್ಕೆ ಬಿಟ್ಟಿರುವುದು ಬರೀ 50 ನ್ಯಾನೊವ್ಯಾಟ್, ಅಂದರೆ ಒಂದು ವ್ಯಾಟಿನ ಎರಡು ಕೋಟಿಯಲ್ಲೊಂದು ಪಾಲು. ಅದು ಕೆಲವೇ ಮೀಟರ್ ದಾಟಿದರೆ ಹೆಚ್ಚು. ಹಾಗಿದ್ದೂ ಅದು ಗೆಲ್ಲಬಲ್ಲದು, ಏಕೆಂದರೆ ಅದು ಆಂಟೆನಾದ ಪಕ್ಕದಲ್ಲೇ ಇದೆ. ಎಫ್‌ಎಂ ರೇಡಿಯೊಕ್ಕೊಂದು ಗುಣವಿದೆ: ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಅಲೆ ಬಂದರೆ ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಬಹುಮಟ್ಟಿಗೆ ಅದುಮಿಬಿಡುತ್ತದೆ. ಎಂಜಿನಿಯರುಗಳು ಇದನ್ನು ಕ್ಯಾಪ್ಚರ್ ಎಫೆಕ್ಟ್ ಎನ್ನುತ್ತಾರೆ. ಎರಡೂ ಹೆಚ್ಚುಕಡಿಮೆ ಸಮಬಲದವಾದರೆ ಕಾರು ಹತ್ತು ಅಡಿ ಮುಂದೆ ಹೋದಾಗ ಒಂದು ಗೆಲ್ಲುತ್ತದೆ, ಇನ್ನು ಹತ್ತು ಅಡಿಗೆ ಇನ್ನೊಂದು. ಹಾಡು ತುಂಡುತುಂಡಾಗುವುದು ಹೀಗೆ. ಆದ್ದರಿಂದ ಎದುರಾಳಿಯೇ ಇಲ್ಲದ ಜಾಗ ಹುಡುಕಬೇಕು.

ಹುಡುಕಲು ಸೀಕ್ ಗುಂಡಿ ಉಪಯೋಗವಿಲ್ಲ. ಅದು ಬಲವಾದ ಸ್ಟೇಷನ್ನಿನಲ್ಲಿ ಮಾತ್ರ ನಿಲ್ಲುತ್ತದೆ, ನಮಗೆ ಬೇಕಿರುವುದು ಅದು ನಿಲ್ಲದೆ ದಾಟಿಹೋಗುವ ಜಾಗ. ಹಾಗಾಗಿ ಕೈಯಿಂದಲೇ 0.1ರಂತೆ ಸರಿಸುತ್ತ ಹೋಗಿ.

ಬೆಂಗಳೂರನ್ನೇ ತೆಗೆದುಕೊಳ್ಳಿ. 91.1, 91.9, 92.7, 93.5, 94.3 ಎಂದು ಖಾಸಗಿ ಕೇಂದ್ರಗಳು ಸಾಲಾಗಿ ನಿಂತಿವೆ. ಲೆಕ್ಕ ಹಾಕಿದರೆ ಒಂದರಿಂದ ಇನ್ನೊಂದಕ್ಕೆ 0.8 ಅಂತರ. 91.9ಕ್ಕೂ 92.7ಕ್ಕೂ ನಡುವೆ 92.3 ಖಾಲಿ ಇದೆಯಲ್ಲ ಎನಿಸುತ್ತದೆ. ಆದರೆ ಪ್ರತಿ ಕೇಂದ್ರವೂ ತನ್ನ ಅಂಕಿಯ ಎರಡೂ ಬದಿಗೆ ಸುಮಾರು 0.1ರಷ್ಟು ಹರಡಿಕೊಂಡಿರುತ್ತದೆ. ಗೋಪುರದ ಹತ್ತಿರ ಹೋದರೆ ಬಲವಾದ ಕೇಂದ್ರದ ಸದ್ದು ಇನ್ನೂ ಆಚೆಗೂ ಸೋರುತ್ತದೆ. ಎರಡು ಬಲಿಷ್ಠರ ನಡುವೆ ಸಿಕ್ಕ 92.3 ನಗರದೊಳಗೆ ನಂಬತಕ್ಕ ಜಾಗವಲ್ಲ. ಅದೇ 95.0ಕ್ಕೂ 98.3ಕ್ಕೂ ನಡುವೆ ಮೂರಕ್ಕಿಂತ ಹೆಚ್ಚು ಬಯಲಿದೆ. ಅದರ ಮಧ್ಯದ 96.6ರಿಂದ ಪರೀಕ್ಷೆ ಶುರುಮಾಡುವುದು ಜಾಣತನ.

ಪರೀಕ್ಷೆ ಎರಡು ಹಂತದ್ದು, ಕಾರು ನಿಲ್ಲಿಸಿಕೊಂಡೇ ಮಾಡುವಂಥದ್ದು. ಮೊದಲು ಟ್ರಾನ್ಸ್‌ಮಿಟರನ್ನು ಕಿತ್ತಿಟ್ಟು ರೇಡಿಯೊವನ್ನು 96.6ಕ್ಕೆ ತಂದು ವಾಲ್ಯೂಮ್ ಹೆಚ್ಚಿಸಿ ಕೇಳಿ. ಒಂದೇ ಸಮನೆ ಸುಯ್ ಎನ್ನುವ ಸದ್ದು ಬರಬೇಕು. ಅದರ ಅಡಿಯಲ್ಲಿ ಎಲ್ಲೋ ದೂರದ ಮಾತು, ತಾಳ ಕೇಳಿದರೂ ಆ ಜಾಗ ಬೇಡ. 96.4 ಮತ್ತು 96.8ರಲ್ಲೂ ಹೀಗೇ ಕೇಳಿ. ಮೂರೂ ಕಡೆ ಬರೀ ಸುಯ್ ಎಂದರೆ ಟ್ರಾನ್ಸ್‌ಮಿಟರ್ ಸಿಕ್ಕಿಸಿ 96.6 ಕೊಡಿ, ವಾಲ್ಯೂಮ್ ಇಳಿಸಿ, ಹಾಡು ಹಾಕಬೇಡಿ. ಆ ಸುಯ್ ಸದ್ದು ಥಟ್ಟನೆ ಅಡಗಿ ಸ್ಪೀಕರ್ ಮೌನವಾಗಬೇಕು. ಟ್ರಾನ್ಸ್‌ಮಿಟರಿನ ಅಲೆ ರೇಡಿಯೊವನ್ನು ಪೂರ್ತಿ ಹಿಡಿದುಕೊಂಡಿದೆ ಎನ್ನುವುದಕ್ಕೆ ಈ ಮೌನವೇ ಸಾಕ್ಷಿ. ಸ್ವಲ್ಪ ಸುಯ್ ಉಳಿದರೆ ಹಿಡಿತ ಸಡಿಲ, ರಸ್ತೆಗಿಳಿದರೆ ಕೈಕೊಡುತ್ತದೆ. ಹಾಡು ಹಾಕಿ ಪರೀಕ್ಷಿಸುವವರು ಮೋಸಹೋಗುವುದು ಇಲ್ಲೇ, ಜೋರು ಹಾಡಿನ ಕೆಳಗೆ ಈ ಸದ್ದು ಮುಚ್ಚಿಹೋಗುತ್ತದೆ.

ಇನ್ನು ದೂರದ ಪ್ರಯಾಣ. ಬೆಂಗಳೂರಿನಿಂದ ಹಾಸನದ ಮೇಲೆ ಮಂಗಳೂರಿಗೆ ಹೊರಟಿದ್ದೀರಿ ಎನ್ನೋಣ. ಬೆಂಗಳೂರಿನಲ್ಲಿ ಆಕಾಶವಾಣಿಯ ರೇನ್‌ಬೋ 101.3ರಲ್ಲಿದೆ, ವಿವಿಧ ಭಾರತಿ 102.9ರಲ್ಲಿ. ನಟ್ಟನಡುವಿನ 102.1ರಲ್ಲಿ ನಿಮ್ಮ ಹಾಡು ಒಂದು ಮಟ್ಟಿಗೆ ಕೇಳುತ್ತಿದೆ. ಆದರೆ ಹಾಸನ ಆಕಾಶವಾಣಿ ಇರುವುದು 102.2ರಲ್ಲಿ! ಹಾಸನ ಹತ್ತಿರವಾದಂತೆ ಹಾಡಿನಲ್ಲಿ ಮೊದಲು ಕರಕರ, ಆಮೇಲೆ ಕೃಷಿ ಮಾತು. 99.8 ಹಿಡಿದು ಹೊರಟವರಿಗೆ ಹಾಸನದಲ್ಲಿ ಈ ಕಾಟವಿಲ್ಲ, ಆದರೆ ಶಿರಾಡಿ ಇಳಿದು ಮಂಗಳೂರು ಸೇರಿದಾಗ ಅಲ್ಲಿನ ಆಕಾಶವಾಣಿ 100.3ರಲ್ಲಿ ಕೇವಲ 0.5 ದೂರದಲ್ಲಿ ಕಾದಿರುತ್ತದೆ. 96.6ಕ್ಕೆ ಈ ಮೂರರ ತಂಟೆಯೂ ಇಲ್ಲ. ಹೊರಡುವ ಮುನ್ನ ದಾರಿಯ ಊರುಗಳ ಕೇಂದ್ರಗಳನ್ನು ಒಮ್ಮೆ ಬರೆದುಕೊಂಡರೆ ಇಷ್ಟು ಲೆಕ್ಕ ಮನೆಯಲ್ಲೇ ಮುಗಿಯುತ್ತದೆ. ಖಾಲಿಯಾದ ಎರಡು ಫ್ರೀಕ್ವೆನ್ಸಿ ಆರಿಸಿ ರೇಡಿಯೊದ 1 ಮತ್ತು 2ನೇ ಗುಂಡಿಗಳಲ್ಲಿ ಕೂರಿಸಿಡಿ. ಒಂದು ಕೆಟ್ಟರೆ ಕಾರನ್ನು ಬದಿಗೆ ಹಾಕಿ ಇನ್ನೊಂದಕ್ಕೆ ಬದಲಿಸಿಕೊಳ್ಳಬಹುದು.

‘ಪಟ್ಟಿಯ ತುದಿಗೆ ಹೋಗಿ, ಅಲ್ಲಿ ಯಾರೂ ಇರುವುದಿಲ್ಲ’ ಎಂಬ ಸಲಹೆ ಚಾಲ್ತಿಯಲ್ಲಿದೆ. ಅರ್ಧ ನಿಜ. ಕೆಳತುದಿಯ 87.5ರಿಂದ 88ರವರೆಗಿನ ಜಾಗ ನಮ್ಮಲ್ಲಿ ಸಾಮಾನ್ಯವಾಗಿ ಖಾಲಿ, ನಿಮ್ಮ ರೇಡಿಯೊ ಅಲ್ಲಿಯವರೆಗೆ ಇಳಿದರೆ ಅದು ಒಳ್ಳೆಯ ಆಯ್ಕೆ. ಮೇಲ್ತುದಿಯನ್ನು ಕಣ್ಣುಮುಚ್ಚಿ ನಂಬಬೇಡಿ: ಮಂಗಳೂರಿನ ಸಮುದಾಯ ಬಾನುಲಿ ರೇಡಿಯೊ ಸಾರಂಗ್ 107.8ರಲ್ಲೇ ಇದೆ.

ಜಾಗ ಸರಿಯಿದ್ದೂ ಸದ್ದು ಕೆಟ್ಟಿದ್ದರೆ ಕಾರಣ ಬೇರೆ. ಸ, ಶ ಅಕ್ಷರಗಳು ಚರಚರ ಹರಿದಂತೆ ಕೇಳಿದರೆ ಟ್ರಾನ್ಸ್‌ಮಿಟರಿಗೆ ಹೋಗುವ ಸದ್ದೇ ಹೆಚ್ಚಾಗಿದೆ. ಫೋನಿನ ವಾಲ್ಯೂಮನ್ನು ಮುಕ್ಕಾಲಿಗೆ ಇಳಿಸಿ, ಉಳಿದದ್ದನ್ನು ಕಾರಿನ ಗುಂಡಿಯಿಂದ ಏರಿಸಿ. ತೀರಾ ಇಳಿಸಿದರೂ ತಪ್ಪೇ, ಆಗ ಕಾರಿನ ವಾಲ್ಯೂಮ್ ಏರಿಸಿದಷ್ಟೂ ಸುಯ್ ಸದ್ದೇ ಮುಂದೆ ಬರುತ್ತದೆ. ಆಕ್ಸಿಲರೇಟರ್ ತುಳಿದಂತೆಲ್ಲ ಏರುವ ಕುಯ್ ಎನ್ನುವ ರಾಗ ಬಂದರೆ ಅದು ಆಲ್ಟರ್ನೇಟರಿನದು. ಫೋನನ್ನು ವೈರಿನಿಂದ ಟ್ರಾನ್ಸ್‌ಮಿಟರಿಗೆ ಜೋಡಿಸಿ, ಅದೇ ಸಾಕೆಟ್ಟಿನಿಂದ ಚಾರ್ಜೂ ಮಾಡುವವರಿಗೆ ಈ ಕಾಟ ಹೆಚ್ಚು. ಚಾರ್ಜಿಂಗ್ ವೈರ್ ಕಿತ್ತು ನೋಡಿ, ರಾಗ ನಿಂತರೆ ಕಳ್ಳ ಸಿಕ್ಕ. ಅಗ್ಗದ ಚಾರ್ಜರ್, ಡ್ಯಾಶ್‌ಕ್ಯಾಮ್‌ಗಳೂ ರೇಡಿಯೊಗೆ ಗಲಾಟೆ ತುಂಬುತ್ತವೆ. ಒಂದೊಂದನ್ನೇ ಕಿತ್ತು ಕೇಳಬೇಕು, ಬೇರೆ ದಾರಿಯಿಲ್ಲ.

ಕೊನೆಗೊಂದು ಉಪಾಯ. ಸಂಜೆಯ ನಗರದಲ್ಲಿ ಎಲ್ಲೂ ಖಾಲಿ ಸಿಗದಿದ್ದರೆ ಮಡಚುವ ಅಥವಾ ತಿರುಪಿನ ಆಂಟೆನಾವನ್ನು ಇಳಿಸಿ ನೋಡಿ. ಹೊರಗಿನ ಕೇಂದ್ರಗಳ ಬಲ ಕುಗ್ಗುತ್ತದೆ. ನಿಮ್ಮದೂ ಕುಗ್ಗುತ್ತದೆ, ಆದರೆ ಅದು ಪಕ್ಕದಲ್ಲೇ ಇರುವುದರಿಂದ ಅನೇಕ ಕಾರುಗಳಲ್ಲಿ ಉಳಿದುಕೊಳ್ಳುತ್ತದೆ. ಗಾಜಿನೊಳಗೆ ಆಂಟೆನಾ ಹುದುಗಿರುವ ಕಾರುಗಳಲ್ಲಿ ಇದು ಸಾಧ್ಯವಿಲ್ಲ. ಎಲ್ಲವನ್ನೂ ಸರಿಮಾಡಿದರೂ ಸಿ.ಡಿ.ಯ ಗುಣಮಟ್ಟ ನಿರೀಕ್ಷಿಸಬೇಡಿ: ಎಫ್‌ಎಂ ಸುಮಾರು 15 ಕಿಲೊಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಸಾಗಿಸುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನವರೂ ಇದೇ ಯಂತ್ರ ಇಟ್ಟು ಇದೇ ಅಂಕಿ ಆರಿಸಿದ್ದರೆ ಅವರ ಹಾಡು ನಿಮ್ಮ ಸ್ಪೀಕರಿನಲ್ಲಿ ಇಣುಕಲೂಬಹುದು. ಹಸಿರು ದೀಪ ಬಂದು ಅವರು ಮುಂದೆ ಹೋದರೆ ಅದು ತಾನೇ ನಿಲ್ಲುತ್ತದೆ.